ಎ4 ಹಾಳೆಯೊಳಗೆ ಎಷ್ಟು ಚೌಕ?

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸುತ್ತ ಬಂದವಳು ನಾನು. ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮ.ಸಾ.ಅ., ಕಂಡುಹಿಡಿಯಲು ಯೂಕ್ಲಿಡ್ ಹೇಳಿದ ಕ್ರಮ ಮಕ್ಕಳಿಗೆ ಬೇಗ ಬಾಯಿಪಾಠವಾಗುತ್ತದೆ: ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸು, ಉಳಿದ ಶೇಷದಿಂದ ಆ ಚಿಕ್ಕದನ್ನು ಭಾಗಿಸು, ಶೇಷ ಸೊನ್ನೆಯಾಗುವ ತನಕ ಬಿಡಬೇಡ. ಕೊನೆಯ ಭಾಜಕವೇ ಉತ್ತರ ಏಕೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಆ ‘ಏಕೆ’ಗೆ ಆಯತ ಮತ್ತು ಕತ್ತರಿಯಿಂದ ಉತ್ತರ ಕೊಡುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲ ಆಯತವನ್ನು ನೋಡಿ ಆರಿಸಬೇಕು

ದಾಂಡೇಲಿಯ ಮಕ್ಕಳಿಗೆ ಪ್ಲೈವುಡ್ ಹಲಗೆಯ 8 ಅಡಿ, 4 ಅಡಿ ಅಳತೆ ಗೊತ್ತು. ಆದರೆ ಅದರಿಂದ ಶುರು ಮಾಡಿದರೆ ಎರಡು ಚೌಕಕ್ಕೆ ಆಟ ಮುಗಿಯುತ್ತದೆ, ಏನೂ ಉಳಿಯುವುದಿಲ್ಲ. ಶೇಷದ ಕಥೆ ಹೇಳಬೇಕಾದರೆ ಶೇಷ ಉಳಿಯಬೇಕು. ನಾನು ತೆಗೆದುಕೊಳ್ಳುವುದು 30 ಮನೆ ಉದ್ದ, 21 ಮನೆ ಅಗಲದ ಆಯತ. ಅದನ್ನು ಗ್ರಾಫ್ ಹಾಳೆಯ ಮೇಲೆ ಬರೆಸುತ್ತೇನೆ.

ಅದರೊಳಗೆ ಹಿಡಿಸುವ ಅತಿ ದೊಡ್ಡ ಚೌಕ 21ರದ್ದು, ಒಂದೇ ಒಂದು. ಅದನ್ನು ಕತ್ತರಿಸಿ ತೆಗೆದರೆ 21 ಉದ್ದ, 9 ಅಗಲದ ಪಟ್ಟಿ ಉಳಿಯುತ್ತದೆ. ಪಟ್ಟಿಯಲ್ಲಿ 9ರ ಚೌಕ ಎರಡು ಕೂರುತ್ತವೆ, ಉಳಿಯುವುದು 9 ಉದ್ದ, 3 ಅಗಲದ ತುಂಡು. ಅದರಲ್ಲಿ 3ರ ಚೌಕ ಸರಿಯಾಗಿ ಮೂರು ಹಿಡಿಸಿ ಏನೂ ಉಳಿಯುವುದಿಲ್ಲ. ಇದಿಷ್ಟೂ ಆದ ಮೇಲೆ ಪಕ್ಕದಲ್ಲಿ ಭಾಗಾಕಾರ ಬರೆಸುತ್ತೇನೆ:

```
30 = 1 × 21 + 9
21 = 2 × 9 + 3
9 = 3 × 3 + 0
```

ಭಾಗಲಬ್ಧವೆಂದರೆ ಚೌಕಗಳ ಎಣಿಕೆ, ಶೇಷವೆಂದರೆ ಉಳಿದ ಪಟ್ಟಿಯ ಅಗಲ. ಈ ಎರಡು ಜೋಡಿ ಕೂಡಿದರೆ ಸಾಕು, ಕ್ರಮದ ಅರ್ಧ ಭಾಗ ತಿಳಿದಂತೆ. ಪ್ರತಿ ಹಂತದಲ್ಲೂ ಮೂಲೆ ತಿರುಗುತ್ತ ಚೌಕ ಇಟ್ಟರೆ ಚಿತ್ರ ಅಂಚಿನಿಂದ ಒಳಕ್ಕೆ ಸುತ್ತುತ್ತ ಹೋಗುತ್ತದೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವುದೂ ಹೀಗೇ, ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ. ಕೌದಿ ನೋಡಿದ ಮಕ್ಕಳಿಗೆ ಆ ಸುತ್ತು ತಿಳಿಸಿ ಹೇಳಬೇಕಾಗಿಲ್ಲ.

2. ಕಾರಣಕ್ಕೆ ಎರಡು ಮುಖ. ಒಂದನ್ನೇ ಹೇಳಿದರೆ ಸಾಲದು

ಕೊನೆಯ 3ರ ಚೌಕದಿಂದ ಇಡೀ ಆಯತವನ್ನು ಮುಚ್ಚಬಹುದೇ? ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರೆ ಗೊತ್ತಾಗುತ್ತದೆ. 9ರ ಬದಿಯಲ್ಲಿ 3 ಸರಿಯಾಗಿ ಹೊಂದುತ್ತದೆ. 21 ಎಂದರೆ ಎರಡು 9 ಮತ್ತು ಒಂದು 3, ಆದ್ದರಿಂದ ಅಲ್ಲಿಯೂ ಹೊಂದುತ್ತದೆ. 30 ಎಂದರೆ ಒಂದು 21 ಮತ್ತು ಒಂದು 9, ಅಲ್ಲಿಯೂ ಹೊಂದುತ್ತದೆ. ಹಾಗಾಗಿ 3 ಸಾಮಾನ್ಯ ಅಪವರ್ತನ.

ಇಲ್ಲಿಗೇ ನಿಲ್ಲಿಸುವವರು ಬಹಳ. ಆದರೆ 3 ಸಾಮಾನ್ಯ ಎಂದಷ್ಟೇ ಇದರಿಂದ ಗೊತ್ತಾಯಿತು, ಅದೇ ಅತಿ ದೊಡ್ಡದು ಎಂದು ಗೊತ್ತಾಗಲಿಲ್ಲ. ಅದಕ್ಕೆ ಮುಂದಕ್ಕೆ ನಡೆಯಬೇಕು. ಯಾವುದೋ ಅಳತೆಯ ಬಿಲ್ಲೆ 30ಕ್ಕೂ 21ಕ್ಕೂ ಸರಿಯಾಗಿ ಹೊಂದುತ್ತದೆ ಎಂದುಕೊಳ್ಳಿ. 30ರಿಂದ 21 ಕಳೆದರೆ ಉಳಿಯುವ 9ಕ್ಕೂ ಅದು ಹೊಂದಲೇಬೇಕು, ತುಂಡು ಬಿಲ್ಲೆ ಉಳಿಯಲು ಜಾಗವೇ ಇಲ್ಲ. 21ರಿಂದ ಎರಡು 9 ಕಳೆದರೆ ಉಳಿಯುವ 3ಕ್ಕೂ ಹೊಂದಬೇಕು. ಅಂದಮೇಲೆ ಆ ಬಿಲ್ಲೆ 3ಕ್ಕಿಂತ ದೊಡ್ಡದಿರಲು ಸಾಧ್ಯವಿಲ್ಲ. ಹಿಂದಿನ ನಡಿಗೆಗಿಂತ ಈ ಮುಂದಿನ ನಡಿಗೆ ಮಕ್ಕಳಿಗೆ ಕಷ್ಟ, ಏಕೆಂದರೆ ಕಣ್ಣ ಮುಂದೆ ಇಲ್ಲದ ಬಿಲ್ಲೆಯ ಬಗ್ಗೆ ಮಾತಾಡಬೇಕು. ಒಂದು ಪೂರ್ತಿ ಪೀರಿಯಡ್ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

3. ‘ಅತಿ ಕಡಿಮೆ ಚೌಕ’ ಎಂದು ಬಾಯಿ ತಪ್ಪಿಯೂ ಹೇಳಬಾರದು

ಪ್ರತಿ ಸಲ ದೊಡ್ಡ ಚೌಕವನ್ನೇ ತೆಗೆಯುತ್ತೇವಲ್ಲ, ಹಾಗಾದರೆ ಒಟ್ಟು ಚೌಕಗಳು ಅತಿ ಕಡಿಮೆ ಇರುತ್ತವೆ ಎಂದು ಮಕ್ಕಳು ತಾವಾಗಿಯೇ ತೀರ್ಮಾನಿಸುತ್ತಾರೆ. ಅದು ಸುಳ್ಳು. 6 ಉದ್ದ, 5 ಅಗಲದ ಆಯತದಲ್ಲಿ ನಮ್ಮ ಕ್ರಮ 5ರ ಒಂದು ಚೌಕ ಮತ್ತು 1ರ ಐದು ಚೌಕ, ಒಟ್ಟು ಆರು ಕೊಡುತ್ತದೆ. ಆದರೆ ಮೇಲೆ 3ರ ಎರಡು, ಕೆಳಗೆ 2ರ ಮೂರು ಇಟ್ಟರೆ ಐದರಲ್ಲೇ ಮುಗಿಯುತ್ತದೆ. ಅತಿ ಕಡಿಮೆ ಚೌಕಗಳ ಪ್ರಶ್ನೆಯೇ ಬೇರೆ, ಇದಕ್ಕಿಂತ ಬಹಳ ಕಠಿಣ.

4. ಎ4 ಹಾಳೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ

ಕಾಳಿ ನದಿಯ ದಂಡೆಯ ದಾಂಡೇಲಿ ಕಾಗದದ ಊರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ಇಲ್ಲಿನ ಮಕ್ಕಳಿಗೆ ಎ4 ಹಾಳೆ ಹೊಸದಲ್ಲ, ಅದರ ಅಳತೆ ಮಾತ್ರ ಹೊಸದು: 297 ಮಿಲಿಮೀಟರ್ ಉದ್ದ, 210 ಅಗಲ. ಚೌಕ ಮಾಡಲು ಸ್ಕೇಲೂ ಬೇಡ. ಒಂದು ಮೂಲೆಯನ್ನು ಎದುರಿನ ಉದ್ದದ ಅಂಚಿಗೆ ತಂದು ಮಡಿಸಿ, ಹೊರಗುಳಿದ ಪಟ್ಟಿಯನ್ನು ಕತ್ತರಿಸಿದರೆ ಆಯಿತು. ಲೆಕ್ಕ ಹೀಗೆ ಹೋಗುತ್ತದೆ:

```
297 = 1 × 210 + 87
210 = 2 × 87 + 36
87 = 2 × 36 + 15
36 = 2 × 15 + 6
15 = 2 × 6 + 3
6 = 2 × 3 + 0
```

ಮ.ಸಾ.ಅ. 3. ಒಟ್ಟು ಹನ್ನೊಂದು ಚೌಕ. ಆದರೆ × ಗುರುತಿನ ಎಡಗಡೆಯ ಎಣಿಕೆ ನೋಡಿ: ಒಂದು, ಆಮೇಲೆ ಬರೀ ಎರಡು, ಎರಡು, ಎರಡು. ಯಾವುದಾದರೂ ಎರಡು ಸಂಖ್ಯೆ ತೆಗೆದುಕೊಂಡರೆ ಹೀಗಾಗುವುದಿಲ್ಲ.

ಕಾರಣ ಹಾಳೆಯ ಆಕಾರದಲ್ಲಿದೆ. ಎ ಸರಣಿಯ ಹಾಳೆಯನ್ನು ಉದ್ದದಲ್ಲಿ ಅರ್ಧಕ್ಕೆ ಮಡಿಸಿದರೆ ಸಿಗುವ ಹಾಳೆಗೂ ಅದೇ ಆಕಾರ. ಜರ್ಮನಿ 1922ರಲ್ಲಿ ಈ ಅಳತೆಗಳನ್ನು ಮಾನಕವಾಗಿ ತಂದದ್ದು ಈ ಗುಣಕ್ಕಾಗಿಯೇ. ಹಾಗಿರಬೇಕಾದರೆ ಅಗಲ 1 ಆದಾಗ ಉದ್ದ √2, ಅಂದರೆ ಸುಮಾರು 1.414 ಇರಬೇಕು. ಅದರಿಂದ ಒಂದು ಚೌಕ ತೆಗೆದರೆ ಉಳಿಯುವ ಪಟ್ಟಿಯ ಅಗಲ 0.414, ಉದ್ದ 1. ಉದ್ದ ಅಗಲದ 2.414 ಪಟ್ಟು. ಅದರಿಂದ ಎರಡು ಚೌಕ ತೆಗೆದರೆ ಉಳಿಯುವ ತುಂಡಿನ ಉದ್ದವೂ ಅಗಲದ 2.414 ಪಟ್ಟೇ. ಮತ್ತೆ ಎರಡು ತೆಗೆಯಿರಿ, ಮತ್ತೆ ಅದೇ ಆಕಾರ. ನಿಜವಾದ √2 ಆಯತದಲ್ಲಿ ಈ ಕೆಲಸ ಎಂದೂ ಮುಗಿಯುವುದಿಲ್ಲ, ಏಕೆಂದರೆ ಅದರ ಎರಡು ಬದಿಗಳಿಗೂ ಹೊಂದುವ ಒಂದು ಬಿಲ್ಲೆ ಇಲ್ಲವೇ ಇಲ್ಲ. √2 ಅಭಾಗಲಬ್ಧ ಎಂಬ ಪಾಠ ಇಲ್ಲಿ ಕತ್ತರಿಯ ತುದಿಯಲ್ಲೇ ಕಾಣುತ್ತದೆ. ನಮ್ಮ ಲೆಕ್ಕ 3ರಲ್ಲಿ ಮುಗಿದದ್ದು ಅಳತೆಯನ್ನು ಪೂರ್ಣ ಮಿಲಿಮೀಟರಿಗೆ ಸರಿಹೊಂದಿಸಿದ್ದರಿಂದ ಮಾತ್ರ.

5. ಕೊನೆಯ ಚೌಕವನ್ನು ಸ್ಕೇಲಿನಿಂದ ನಂಬಬಾರದು

‘ಅಕ್ಕೋರೇ, ನಂಗೆ ಮೂರು ಬರಲೇ ಇಲ್ಲ’ ಎಂಬ ದೂರು ಪ್ರತಿ ತರಗತಿಯಲ್ಲೂ ಬರುತ್ತದೆ. ಮಗುವಿನ ತಪ್ಪಲ್ಲ. ಅಗಲವನ್ನು 210ರ ಬದಲು 211 ಎಂದು ಓದಿದರೆ ಚೌಕಗಳ ಎಣಿಕೆ 1, 2, 2, 4, 1, 7 ಆಗುತ್ತದೆ, ಕೊನೆಯ ಚೌಕ 1 ಮಿಲಿಮೀಟರಿನದು. ಒಂದೇ ಮಿಲಿಮೀಟರ್ ವ್ಯತ್ಯಾಸಕ್ಕೆ ಮ.ಸಾ.ಅ. 3ರಿಂದ 1ಕ್ಕೆ ಇಳಿಯಿತು. ಆದರೆ ಮೊದಲ ಮೂರು ಎಣಿಕೆ ಕದಲಲಿಲ್ಲ. ಹಾಳೆಯ ಆಕಾರವನ್ನು ಹೇಳುವುದು ಮೊದಲ ಎಣಿಕೆಗಳು. ಕೊನೆಯ ಚೌಕ ಒಂದೇ ಮಿಲಿಮೀಟರಿಗೂ ಬದಲಾಗಬಹುದು.

ಎಲ್ಲಿಗೆ ನಿಲ್ಲಿಸಬೇಕೆಂದು ಲೆಕ್ಕ ಹಾಕಬಹುದು. ಶೇಷ 15 ಬಂದದ್ದು ಐದು ಉದ್ದಗಳಿಂದ ಏಳು ಅಗಲಗಳನ್ನು ಕಳೆದು: 1485ರಿಂದ 1470. ಉದ್ದ, ಅಗಲ ಎರಡನ್ನೂ ಓದುವಾಗ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಈ ಹನ್ನೆರಡು ಅಳತೆಗಳಲ್ಲಿ ತಪ್ಪು ಕೂಡುತ್ತ 6 ಮಿಲಿಮೀಟರ್ ತನಕ ಹೋಗಬಹುದು. ಮುಂದಿನ ಶೇಷ 6 ಬಂದದ್ದು ಹದಿನೇಳು ಅಗಲಗಳಿಂದ ಹನ್ನೆರಡು ಉದ್ದಗಳನ್ನು ಕಳೆದು. ಅಲ್ಲಿ ತಪ್ಪು 14.5 ಮಿಲಿಮೀಟರ್ ಆಗಬಹುದು, ಶೇಷಕ್ಕಿಂತ ದೊಡ್ಡದು. ಹಾಗಾಗಿ ಸ್ಕೇಲು ಹಿಡಿದ ತರಗತಿ 15ರ ಹಂತದಲ್ಲಿ ನಿಲ್ಲಬೇಕು, ಆಮೇಲಿನದು ಪುಸ್ತಕದ ಸಂಖ್ಯೆಗಳಿಂದಲೇ ಆಗಬೇಕು. ಹಾಳೆ ಕತ್ತರಿಸುವ ಯಂತ್ರಕ್ಕೂ ಮಾನಕ ಈ ಅಳತೆಗಳಲ್ಲಿ 2 ಮಿಲಿಮೀಟರ್ ಆಚೀಚೆ ಇರಲು ಬಿಡುತ್ತದೆ. ಮ.ಸಾ.ಅ. 3 ಎಂಬುದು 297, 210 ಎಂಬ ಸಂಖ್ಯೆಗಳ ಗುಣ. ಕೈಯಲ್ಲಿರುವ ಹಾಳೆಯ ಗುಣ ಎನ್ನುವಂತಿಲ್ಲ.

6. ಅಪವರ್ತಿಸುವ ದಾರಿ ಎಲ್ಲಿ ಕೈಕೊಡುತ್ತದೆಂದು ತೋರಿಸಬೇಕು

1147 ಮತ್ತು 899 ಕೊಟ್ಟು ನೋಡಿ. ಮಕ್ಕಳು 2, 3, 5, 7, 11 ಹಚ್ಚಿ ನೋಡಿ, ಯಾವುದೂ ಹೊಂದದೆ ಮ.ಸಾ.ಅ. 1 ಎಂದು ಬರೆದುಬಿಡುತ್ತಾರೆ. ಶೇಷಗಳ ದಾರಿಯಲ್ಲಿ 248, 155, 93, 62, 31, ಆಮೇಲೆ ಸೊನ್ನೆ. ಉತ್ತರ 31. ಒಂದು ಸಂಖ್ಯೆಯನ್ನೂ ಒಡೆಯಲಿಲ್ಲ.

ಎಷ್ಟು ಹಂತ ಹಿಡಿಯಬಹುದು ಎಂಬುದಕ್ಕೂ ಮಿತಿಯಿದೆ. ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದು ಪಟ್ಟಿಗಿಂತ ಹೆಚ್ಚು ಭಾಗಾಕಾರ ಬೇಕಾಗುವುದಿಲ್ಲ ಎಂದು ಫ್ರಾನ್ಸಿನ ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿ ತೋರಿಸಿದ. ಅತಿ ನಿಧಾನವಾಗಿ ಸಾಗುವುದು 34 ಮತ್ತು 21ರಂಥ ಫಿಬೊನಾಚಿ ಜೋಡಿಗಳು. ಅಲ್ಲಿ ಕೊನೆಯ ಹಂತ ಬಿಟ್ಟರೆ ಪ್ರತಿ ಸಲವೂ ಒಂದೇ ಚೌಕ ತೆಗೆಯಲು ಬರುತ್ತದೆ.

7. ಚೌಕಗಳ ಎಣಿಕೆಯನ್ನು ಅಳಿಸಬೇಡಿ

ಉತ್ತರ ಸಿಕ್ಕಿದ ಕೂಡಲೇ ಭಾಗಲಬ್ಧಗಳನ್ನು ಮರೆಯುವುದು ನಮ್ಮ ಪರೀಕ್ಷೆಯ ಅಭ್ಯಾಸ. ಕ್ರಿ.ಶ. 499ರ ಆರ್ಯಭಟೀಯದ ಕುಟ್ಟಕ ಕ್ರಮಕ್ಕೆ ಅವೇ ಜೀವಾಳ. ಅಲ್ಲಿ ಅವನ್ನು ಒಂದರ ಕೆಳಗೊಂದು ಬರೆದು, ಕೆಳಗಿನಿಂದ ಮೇಲಕ್ಕೆ ಗುಣಿಸಿ ಕೂಡಿಸುತ್ತ ಹೋಗುತ್ತಾರೆ. ಮೇಲೆ ಬಂದ ಐದು ಉದ್ದ, ಏಳು ಅಗಲ ಎಂಬ ಸಂಖ್ಯೆಗಳೂ ಆ ಎಣಿಕೆಗಳಿಂದಲೇ ಹುಟ್ಟಿದವು.

ತರಗತಿಯಲ್ಲಿ ಇದನ್ನು ಎರಡು ಬಿದಿರಿನ ಕಡ್ಡಿಗಳಿಂದ ಮಾಡಿಸುತ್ತೇನೆ. ಒಂದು 30 ಸೆಂಟಿಮೀಟರ್, ಇನ್ನೊಂದು 21. ಯಾವುದರ ಮೇಲೂ ಗುರುತಿಲ್ಲ. ಇವೆರಡರಿಂದ ನೆಲದ ಮೇಲೆ 3 ಸೆಂಟಿಮೀಟರ್ ಗುರುತಿಸಬೇಕು. 3 ಎಂದರೆ 21ರಿಂದ ಎರಡು 9 ಕಳೆದದ್ದು. 9 ಎಂದರೆ 30ರಿಂದ 21 ಕಳೆದದ್ದು. ಒಂದರೊಳಗೆ ಇನ್ನೊಂದನ್ನು ಇಟ್ಟರೆ ಮೂರು 21ರಿಂದ ಎರಡು 30 ಕಳೆದಂತೆ, ಅಂದರೆ 63ರಿಂದ 60. ಚಿಕ್ಕ ಕಡ್ಡಿಯನ್ನು ಮೂರು ಸಲ ಮುಂದಕ್ಕೆ ಇಟ್ಟು, ಅಲ್ಲಿಂದ ದೊಡ್ಡದನ್ನು ಎರಡು ಸಲ ಹಿಂದಕ್ಕೆ ತಂದರೆ ಹೊರಟ ಗೆರೆಯಿಂದ 3 ಸೆಂಟಿಮೀಟರ್ ದೂರದಲ್ಲಿ ನಿಲ್ಲುತ್ತೇವೆ. ಮುಂದಿನ ಪ್ರಶ್ನೆಯನ್ನು ಸಾಮಾನ್ಯವಾಗಿ ಮಕ್ಕಳೇ ಎತ್ತುತ್ತಾರೆ: ಇದೇ ಕಡ್ಡಿಗಳಿಂದ 2 ಸೆಂಟಿಮೀಟರ್ ಗುರುತಿಸಬಹುದೇ? ಆಗುವುದಿಲ್ಲ. ಎರಡೂ ಕಡ್ಡಿಗಳು 3ರ ಹೆಜ್ಜೆಯವು, ಮುಂದೆ ಹೋದರೂ ಹಿಂದೆ ಬಂದರೂ 3ರ ಗೆರೆಗಳ ಮೇಲೆಯೇ ನಿಲ್ಲಬೇಕು.