ಗಳಗನಾಥದ ಫೋಟೋದಲ್ಲಿ ನಾನು ಕಳೆದುಕೊಂಡ ನೆರಳು

ಕಳೆದ ಸಲ ನಮ್ಮ ತರಗತಿಯವರು ಗಳಗನಾಥಕ್ಕೆ ಹೋಗಿ ಬಂದ ಮೇಲೆ ಗೋಡೆಪತ್ರಿಕೆಗೆ ಒಂದು ಫೋಟೋ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ವರದಾ ನದಿ ತುಂಗಭದ್ರೆಯನ್ನು ಕೂಡುವ ಕಡೆ ನಿಂತಿರುವ ಗಳಗೇಶ್ವರ ದೇವಾಲಯ ಚಾಲುಕ್ಯರ ಕಾಲದ್ದು. ಅದರ ವಿಶೇಷ ಇರುವುದು ತಳಭಾಗದಲ್ಲಿ. ಪಿರಮಿಡ್ಡಿನಂತೆ ಇಳಿಜಾರಾಗಿ ಹೊರಚಾಚಿದ ಆ ಕಲ್ಲಿನ ಕಟ್ಟಡವನ್ನು ತೋರಿಸಲೆಂದೇ ನಾನು ಫೋಟೋ ತೆಗೆದಿದ್ದೆ. ಆದರೆ ನಾವು ಹೋದದ್ದು ನಡು ಮಧ್ಯಾಹ್ನ. ಆಕಾಶ ಬೆಳ್ಳಗೆ ಉರಿಯುತ್ತಿತ್ತು, ತಳದ ಒಂದು ಪಕ್ಕ ಪೂರ್ತಿ ನೆರಳಿನಲ್ಲಿತ್ತು.

ಮನೆಗೆ ಬಂದು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋಟೋ ತೆರೆದು Levels ನಲ್ಲಿ ಕಪ್ಪಿನ ಗುಂಡಿಯನ್ನು 40ರ ತನಕ ಬಲಕ್ಕೆ ಎಳೆದೆ. ಚಿತ್ರಕ್ಕೆ ಒಳ್ಳೆಯ ಖದರು ಬಂತು ಅನ್ನಿಸಿತು. ಅದೇ ಹೆಸರಿನಲ್ಲಿ JPG ಸೇವ್ ಮಾಡಿ, ಮೊಬೈಲಿನಲ್ಲಿದ್ದ ಮೂಲವನ್ನು ಜಾಗ ಸಾಲದೆಂದು ಅಳಿಸಿದೆ. ಪ್ರಿಂಟ್ ತೆಗೆದಾಗ ತಳಭಾಗವೆಲ್ಲ ಒಂದೇ ಕಪ್ಪು ಮುದ್ದೆಯಾಗಿತ್ತು. ಮತ್ತೆ ತೆರೆದು ಬೆಳಕು ಹೆಚ್ಚಿಸಿದೆ. ಕಪ್ಪು ಮುದ್ದೆ ಬೂದಿ ಮುದ್ದೆಯಾಯಿತು, ಅಷ್ಟೆ. ಕಲ್ಲುಗಳ ನಡುವಿನ ಸಂದು ಒಂದೂ ಮರಳಿ ಬರಲಿಲ್ಲ.

ಹೀಗೇಕಾಯಿತು ಎಂದು ಲೆಕ್ಕ ಹಾಕಿ ನೋಡಿದರೆ ಸರಳವಿದೆ. ನಮ್ಮ ಸಾಮಾನ್ಯ ಫೋಟೋದಲ್ಲಿ ಪ್ರತಿ ಚುಕ್ಕೆಯ ಬೆಳಕು 0ಯಿಂದ 255ರ ಒಳಗಿನ ಒಂದು ಸಂಖ್ಯೆ. 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳಿ. ನೆರಳಿನಲ್ಲಿ ಕಲ್ಲಿನ ಮೈ 35, ಸಂದು 22 ಇತ್ತು ಎಂದಿಟ್ಟುಕೊಳ್ಳಿ. ಕಪ್ಪಿನ ಗುಂಡಿಯನ್ನು 40ಕ್ಕೆ ತಂದರೆ 40ಕ್ಕಿಂತ ಕೆಳಗಿನದೆಲ್ಲ 0 ಆಗುತ್ತದೆ. ಮೈಯೂ 0, ಸಂದೂ 0. ಸೇವ್ ಮಾಡಿದ ಮೇಲೆ ಆ 35 ಮತ್ತು 22 ಫೈಲಿನಲ್ಲಿ ಎಲ್ಲಿಯೂ ಉಳಿದಿರುವುದಿಲ್ಲ. ಆಮೇಲೆ ಎರಡಕ್ಕೂ 30 ಕೂಡಿಸಿದರೆ ಎರಡೂ 30. ವ್ಯತ್ಯಾಸವೇ ಇಲ್ಲದ ಮೇಲೆ ಕಣ್ಣಿಗೆ ಕಾಣುವುದಾದರೂ ಏನು?

ನನ್ನ ಪುಣ್ಯ, ಪಕ್ಕದಲ್ಲೇ ನಿಂತು ಸಹಪಾಠಿಯೊಬ್ಬಳು ತೆಗೆದ ಫೋಟೋ ಅವಳ ಬಳಿ ಹಾಗೇ ಇತ್ತು. ಈ ಸಲ ಅದನ್ನು ಮುಟ್ಟದೆ, ಅದರ ಮೇಲೆ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ಹಾಕಿ ಕೆಲಸ ಮಾಡಿದೆ. ಅಡ್ಜಸ್ಟ್‌ಮೆಂಟ್ ಲೇಯರ್ ಎಂದರೆ ಬಣ್ಣದ ಕನ್ನಡಕ ಇದ್ದಂತೆ. ಅದರಲ್ಲಿ ಚಿತ್ರವಿರುವುದಿಲ್ಲ, ಕೆಳಗಿನ ಚಿತ್ರವನ್ನು ಹೇಗೆ ತೋರಿಸಬೇಕು ಎಂಬ ಸೂಚನೆ ಮಾತ್ರ ಇರುತ್ತದೆ. ಕನ್ನಡಕ ತೆಗೆದರೆ ಮೂಲ ಇದ್ದಂತೆಯೇ ಇರುತ್ತದೆ. ನಾನು ಬಳಸಿದ್ದು ಬ್ರೌಸರಿನಲ್ಲೇ ತೆರೆಯುವ ಫೋಟೋಪಿಯಾ. ಹಣ ಕೊಡಬೇಕಿಲ್ಲ, ಲ್ಯಾಬಿನ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಫೋಟೋಶಾಪಿನಲ್ಲಿಯೂ ಹೆಜ್ಜೆಗಳು ಹೆಚ್ಚುಕಡಿಮೆ ಇವೇ.

ಮೊದಲು ನೆರಳು. Layer ಮೆನುವಿನಲ್ಲಿ New Adjustment Layer, ಅದರೊಳಗೆ Curves ಆರಿಸಿದೆ. ಗೆರೆಯನ್ನು ಎಳೆಯಲೇ ಇಲ್ಲ, ನೇರವಾಗಿಯೇ ಬಿಟ್ಟೆ. ಲೇಯರ್ ಪಟ್ಟಿಯ ಮೇಲೆ Normal ಎಂದಿರುವ ಕಡೆ Screen ಎಂದು ಮಾತ್ರ ಬದಲಿಸಿದೆ. ಏನೂ ಮಾಡದ ಲೇಯರ್ ಏನು ಮಾಡೀತು ಎಂದು ನನಗೂ ಮೊದಲು ಅನುಮಾನವಿತ್ತು. ಆದರೆ ಬ್ಲೆಂಡ್ ಮೋಡ್ ಎಂಬುದು ಮೇಲಿನ ಸಂಖ್ಯೆಯನ್ನೂ ಕೆಳಗಿನ ಸಂಖ್ಯೆಯನ್ನೂ ಸೇರಿಸುವ ಒಂದು ಸೂತ್ರ. ಖಾಲಿ Curves ಕೆಳಗಿನ ಚಿತ್ರವನ್ನೇ ಹಾಗೆಯೇ ಮೇಲಕ್ಕೆ ಕೊಡುವುದರಿಂದ, ಚಿತ್ರವು ತನ್ನ ಜೊತೆಗೇ ಸೇರುತ್ತದೆ. ಎರಡು ಮುಖ್ಯ ಸೂತ್ರಗಳು ಇವು, a ಕೆಳಗಿನದು, b ಮೇಲಿನದು:

```
Multiply = a × b / 255
Screen   = 255 − (255 − a) × (255 − b) / 255
```

ಸಹಪಾಠಿಯ ಫೋಟೋದಲ್ಲಿ Info ಕಿಟಕಿ ತೆರೆದು ಬಾಣದ ಗುರುತನ್ನು ಕಲ್ಲಿನ ಮೇಲೆ ಇಟ್ಟಾಗ ಮೈ ಸುಮಾರು 45, ಸಂದು ಸುಮಾರು 25 ಇತ್ತು. Screen ಸೂತ್ರದಲ್ಲಿ 45 ಹೋಗಿ 82 ಆಗುತ್ತದೆ, 25 ಹೋಗಿ 48ರ ಹತ್ತಿರ ಬರುತ್ತದೆ. ಬೆಳಕು ಹೆಚ್ಚಿದ್ದಷ್ಟೇ ಅಲ್ಲ, ಇವೆರಡರ ಅಂತರವೂ 20ರಿಂದ 34ಕ್ಕೆ ಏರಿತು. ಕಪ್ಪಿನೊಳಗೆ ಅಡಗಿದ್ದ ಸಂದುಗಳು ಕಾಣತೊಡಗಿದ್ದು ಈ ಅಂತರದಿಂದಲೇ. ಪೂರ್ತಿ ಬಿಟ್ಟರೆ ನೆರಳು ನೆರಳೆನಿಸದೆ ಕೃತಕವಾಗಿ ಕಂಡಿತು. ಅದಕ್ಕೆ ಲೇಯರಿನ Opacity ಯನ್ನು 60ಕ್ಕೆ ಇಳಿಸಿದೆ.

ಇಷ್ಟಕ್ಕೆ ಆಕಾಶವೂ ಇನ್ನಷ್ಟು ಬೆಳ್ಳಗಾಗಿತ್ತು. ನನಗೆ ಬೇಕಾದದ್ದು ತಳಭಾಗ ಮಾತ್ರ. ಲೇಯರಿನ ಪಕ್ಕದಲ್ಲಿರುವ ಬಿಳಿ ಚೌಕವೇ ಮಾಸ್ಕ್. ಅದರಲ್ಲಿ ಬಿಳಿ ಇದ್ದಲ್ಲಿ ಲೇಯರಿನ ಪರಿಣಾಮ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ. ಅದನ್ನು ಒತ್ತಿ Ctrl+I ಒತ್ತಿದರೆ ಪೂರ್ತಿ ಕಪ್ಪಾಗುತ್ತದೆ. ನಂತರ ಅಂಚು ಮೆದುವಾದ ಬಿಳಿ ಬ್ರಷ್ ಹಿಡಿದು ನೆರಳಿದ್ದ ಕಲ್ಲಿನ ಮೇಲಷ್ಟೇ ಬಳಿದೆ. ಬಿಸಿಲಿನ ಅಂಚನ್ನು ದಾಟಿ ಬಳಿದ ಕಡೆ ಒಂದು ಬೆಳಕಿನ ಬಳೆ ಕಾಣಿಸಿಕೊಂಡಿತು. ತಿದ್ದಿದ ಫೋಟೋವನ್ನು ದೂರದಿಂದಲೇ ಗುರುತು ಹಿಡಿಯುವುದು ಈ ಬಳೆಯಿಂದ. ಕಪ್ಪು ಬ್ರಷ್ಷಿನಿಂದ ಅದರ ಮೇಲೆ ಬಳಿದರೆ ಅದು ಹೋಗುತ್ತದೆ, ಏಕೆಂದರೆ ಬಳಿಯುವುದು ಮಾಸ್ಕಿನ ಮೇಲೆ, ಫೋಟೋದ ಮೇಲಲ್ಲ.

ಆಕಾಶಕ್ಕೆ ಇನ್ನೊಂದು ಖಾಲಿ Curves, ಈ ಸಲ Multiply. 205 ಇದ್ದ ಭಾಗ 165ಕ್ಕೆ ಇಳಿಯಿತು. ಆದರೆ ಶಿಖರದ ಹಿಂದೆ ಒಂದು ತುಂಡು ಆಕಾಶ ಫೋಟೋ ತೆಗೆಯುವಾಗಲೇ 255 ಆಗಿತ್ತು. 255ನ್ನು 255ರಿಂದ ಗುಣಿಸಿ 255ರಿಂದ ಭಾಗಿಸಿದರೆ ಮತ್ತೆ 255. ಸುತ್ತಲಿನದು ಕಪ್ಪಿಟ್ಟು ಅದೊಂದೇ ಬಿಳಿಯಾಗಿ ಉಳಿದಾಗ ತೇಪೆ ಹಚ್ಚಿದಂತೆ ಕಂಡಿತು. Opacity ಯನ್ನು 40ಕ್ಕೆ ತಂದು ಸುತ್ತಲಿನದನ್ನು ಅದರ ಹತ್ತಿರಕ್ಕೆ ಒಯ್ದೆ, ಬೇರೆ ದಾರಿ ಇರಲಿಲ್ಲ. ಅಲ್ಲಿಲ್ಲದ ಮೋಡವನ್ನು ಯಾವ ಲೇಯರೂ ತಂದುಕೊಡದು.

ಕೊನೆಗೆ ಇಡೀ ಚಿತ್ರಕ್ಕೆ ಸ್ವಲ್ಪ ಬಿಗಿ ಬೇಕಿತ್ತು. ಎಲ್ಲಕ್ಕಿಂತ ಮೇಲೆ ಮೂರನೆಯ Curves ಹಾಕಿ ಗೆರೆಯನ್ನು ನಸುವಾಗಿ S ಆಕಾರಕ್ಕೆ ಬಗ್ಗಿಸಿದೆ. ಬಿಗಿ ಬಂತು. ಜೊತೆಗೆ ಮುಂದೆ ನಿಂತಿದ್ದ ಗೆಳತಿಯ ತಿಳಿಗೆಂಪು ದುಪಟ್ಟಾ ಕಣ್ಣಿಗೆ ಚುಚ್ಚುವಂತಾಯಿತು. Curves ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಬಗ್ಗಿಸುತ್ತದೆ. ದುಪಟ್ಟಾದಲ್ಲಿ ಹೆಚ್ಚಿದ್ದ ಕೆಂಪು ಇನ್ನೂ ಮೇಲೇರಿತು, ಕಡಿಮೆಯಿದ್ದ ಹಸಿರು ಇನ್ನೂ ಕೆಳಗಿಳಿಯಿತು. ಅಂತರ ಹೆಚ್ಚಿದಷ್ಟೂ ಬಣ್ಣ ಗಾಢ. ಲೇಯರಿನ ಮೋಡ್ ಅನ್ನು Luminosity ಗೆ ಬದಲಿಸಿದೆ. ಆಗ ಬೆಳಕಿನ ಏರಿಳಿತ ಮಾತ್ರ ಮೇಲಿನಿಂದ, ಬಣ್ಣ ಕೆಳಗಿನ ಚಿತ್ರದಿಂದಲೇ ಬರುತ್ತದೆ. ದುಪಟ್ಟಾ ತನ್ನ ಬಣ್ಣಕ್ಕೆ ಮರಳಿತು.

File ಮೆನುವಿನಲ್ಲಿ Save as PSD ಎಂದು ಉಳಿಸಿದೆ. JPG ಯಲ್ಲಿ ಲೇಯರ್‌ಗಳು ಉಳಿಯುವುದಿಲ್ಲ, ಎಲ್ಲ ಸೇರಿ ಒಂದೇ ಹಾಳೆಯಾಗುತ್ತದೆ. ಆದ್ದರಿಂದ ಪ್ರಿಂಟಿಗೆ ಮಾತ್ರ Export as ಮೂಲಕ ಬೇರೆ ಹೆಸರಿನ JPG ತೆಗೆದೆ. ಆ ಪ್ರಿಂಟಿನಲ್ಲೂ ತಳಭಾಗ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿಯೇ ಬಂತು, ಕಾಗದ ಪರದೆಯಂತೆ ತಾನಾಗಿ ಬೆಳಗುವುದಿಲ್ಲವಲ್ಲ. ಆದರೆ ಈ ಸಲ ಗಾಬರಿ ಆಗಲಿಲ್ಲ. PSD ತೆರೆದು Screen ಲೇಯರಿನ Opacity ಯನ್ನು 60ರಿಂದ 80ಕ್ಕೆ ಏರಿಸಿ ಇನ್ನೊಂದು ಪ್ರತಿ ತೆಗೆದೆ. ಒಂದು ನಿಮಿಷದ ಕೆಲಸ. ಗೋಡೆಪತ್ರಿಕೆಯಲ್ಲಿ ನೀವು ನೋಡಿದ್ದು ಅದನ್ನೇ.

ನನ್ನ ಹಾಳಾದ JPG ಇನ್ನೂ ಫೋಲ್ಡರಿನಲ್ಲಿದೆ. ಮೊನ್ನೆ ಅದರ ಮೇಲೂ ಒಂದು Screen ಲೇಯರ್ ಹಾಕಿ ನೋಡಿದೆ. ಸೂತ್ರದಲ್ಲಿ a ಮತ್ತು b ಎರಡೂ ಕಡೆ 0 ಹಾಕಿ ನೀವೇ ಲೆಕ್ಕ ಮಾಡಿ, ಉತ್ತರ 0.