ಸಾಲವೂ ಷೇರೂ ಆದ ಪತ್ರ: ಹೂಡಿಕೆದಾರನ ಅನುಭವ ಕಲಿಸುವುದು

ಪರಿವರ್ತನೀಯ ಸಾಲಪತ್ರವೆಂದರೆ, ಅವಧಿ ಮುಗಿಯುವವರೆಗೆ ನಿಗದಿತ ಬಡ್ಡಿ ಕೊಡುತ್ತ, ಬೇಕೆನಿಸಿದಾಗ ಮೊದಲೇ ಗೊತ್ತುಪಡಿಸಿದ ದರದಲ್ಲಿ ಕಂಪನಿಯ ಷೇರುಗಳಾಗಿ ಬದಲಾಯಿಸಿಕೊಳ್ಳುವ ಹಕ್ಕನ್ನೂ ಹೂಡಿಕೆದಾರನಿಗೆ ನೀಡುವ ಪತ್ರ. ಷೇರು ಏರಿದರೆ ಲಾಭ, ಇಳಿದರೂ ಸಾಲದ ಬೆಲೆ ಕೈಬಿಡದು ಎಂದು ನಂಬಿ ಇದನ್ನು ಕೊಂಡವನು ಅನುಭವದಿಂದ ಮೊದಲು ಅರಿಯುವುದು, ಆ ಎರಡನೆಯ ಭರವಸೆ ಕಾಣುವಷ್ಟು ಗಟ್ಟಿಯಲ್ಲ ಎಂಬುದನ್ನು.

ಒಂದು ಲೆಕ್ಕವನ್ನು ನೋಡಬಹುದು. ಮುಖಬೆಲೆ 1,000 ರೂಪಾಯಿ, ವಾರ್ಷಿಕ ಬಡ್ಡಿ ಶೇ. 6, ಅವಧಿ 5 ವರ್ಷ, ಪರಿವರ್ತನೆಯ ದರ ಷೇರಿಗೆ 200 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಪತ್ರಕ್ಕೆ 5 ಷೇರು ದೊರೆಯುತ್ತವೆ. ಅದೇ ಕಂಪನಿಯ ಸಾದಾ ಸಾಲಪತ್ರಕ್ಕೆ ಮಾರುಕಟ್ಟೆ ಶೇ. 10ರಷ್ಟು ಪ್ರತಿಫಲ ಕೇಳುತ್ತಿದ್ದರೆ, ಷೇರಿನ ಹಕ್ಕನ್ನು ಬದಿಗಿಟ್ಟು ನೋಡಿದಾಗ ಈ ಪತ್ರದ ಬೆಲೆ ಸುಮಾರು 848 ರೂಪಾಯಿ ಮಾತ್ರ. ಉಳಿದ 152 ರೂಪಾಯಿ ಷೇರಾಗುವ ಹಕ್ಕಿಗೆ, ಕಡಿಮೆ ಬಡ್ಡಿಯ ರೂಪದಲ್ಲಿ, ತೆರಬೇಕಾದ ಶುಲ್ಕ. ಈ 848ನ್ನೇ ಪತ್ರದ ತಳಬೆಲೆ ಎನ್ನುತ್ತಾರೆ. ಆದರೆ ಕಂಪನಿಯ ಸ್ಥಿತಿ ಕೆಟ್ಟು ಮಾರುಕಟ್ಟೆ ಶೇ. 18 ಕೇಳತೊಡಗಿದರೆ ಅದೇ ತಳ ಸುಮಾರು 625ಕ್ಕೆ ಜಾರುತ್ತದೆ. ಷೇರು ಬಿದ್ದದ್ದಕ್ಕೂ ತಳ ಕುಸಿದದ್ದಕ್ಕೂ ಕಾರಣವೊಂದೇ ಆಗಿರುವುದರಿಂದ, ಎರಡು ಆಸರೆಗಳು ಒಟ್ಟಿಗೇ ಸೋಲುತ್ತವೆ.

ಸುಜ್ಲಾನ್ ಎನರ್ಜಿಯ ಪ್ರಕರಣ ಇದನ್ನು ಸಾರ್ವಜನಿಕವಾಗಿಯೇ ತೋರಿಸಿತು. ಗಾಳಿಯಂತ್ರ ತಯಾರಿಸುವ ಈ ಕಂಪನಿಯ ಷೇರು 2008ರ ಆರಂಭದಲ್ಲಿ 400 ರೂಪಾಯಿಗೂ ಮೇಲಿದ್ದು, 2012ರ ಅಕ್ಟೋಬರ್ ವೇಳೆಗೆ 20 ರೂಪಾಯಿಗಿಂತ ಕೆಳಗಿಳಿದಿತ್ತು. ವಿದೇಶದಲ್ಲಿ ಡಾಲರ್ ಲೆಕ್ಕದಲ್ಲಿ ಮಾರಿದ್ದ ಪರಿವರ್ತನೀಯ ಪತ್ರಗಳನ್ನು ಷೇರಾಗಿಸಿಕೊಳ್ಳಲು ಯಾರಿಗೂ ಕಾರಣವಿರಲಿಲ್ಲವಾದ್ದರಿಂದ, ಷೇರಾಗಿ ಕರಗಿಹೋಗುತ್ತದೆಂದು ಎಣಿಸಿದ್ದ ಸಾಲವು ನಗದಾಗಿ ತೀರಿಸಬೇಕಾದ ಸಾಲವಾಗಿ ಎದುರು ನಿಂತಿತು. ನಾಲ್ಕು ತಿಂಗಳ ಕಾಲಾವಕಾಶಕ್ಕೆ ಪತ್ರದಾರರು ಒಪ್ಪಲಿಲ್ಲ, ಸುಮಾರು 20.9 ಕೋಟಿ ಡಾಲರ್ ಪಾವತಿ ತಪ್ಪಿತು. ಈ ನಡುವೆ ರೂಪಾಯಿ ದುರ್ಬಲಗೊಂಡಿದ್ದರಿಂದ ರೂಪಾಯಿಯಲ್ಲಿ ಸಾಲದ ಹೊರೆಯೂ ಹೆಚ್ಚಿತ್ತು. ಆದಕಾರಣ ಇಂಥ ಪತ್ರವನ್ನು ಕೊಳ್ಳುವ ಮುನ್ನ ಕೇಳಬೇಕಾದದ್ದು ಷೇರು ಎಷ್ಟು ಏರಬಹುದು ಎಂದಲ್ಲ, ಅದು ಏರದಿದ್ದರೆ ಅಸಲು ಎಲ್ಲಿಂದ ಬರುತ್ತದೆ ಎಂದು.

ಷೇರು ಏರಿದಾಗಲೂ ಮೈಮರೆಯುವಂತಿಲ್ಲ. ಷೇರಿನ ಬೆಲೆ ಪರಿವರ್ತನೆಯ ದರಕ್ಕಿಂತ ನಿರ್ದಿಷ್ಟ ಪ್ರಮಾಣದಷ್ಟು ಮೇಲಿದ್ದರೆ ಪತ್ರವನ್ನು ಮುಖಬೆಲೆಗೆ ಹಿಂಪಡೆಯುವ ಹಕ್ಕನ್ನು ಕಂಪನಿಗಳು ಅನೇಕ ವೇಳೆ ಒಪ್ಪಂದದಲ್ಲಿ ಉಳಿಸಿಕೊಂಡಿರುತ್ತವೆ. ಮೇಲಿನ ಲೆಕ್ಕದಲ್ಲಿ ಷೇರು 260 ಆದಾಗ 5 ಷೇರುಗಳ ಬೆಲೆ 1,300 ರೂಪಾಯಿ. ಹಿಂಪಡೆಯುವ ಸೂಚನೆ ಬಂದಮೇಲೆ ಗಡುವಿನೊಳಗೆ ಪರಿವರ್ತನೆ ಕೋರದವನ ಕೈಗೆ ಬರುವುದು 1,000 ರೂಪಾಯಿ ಮತ್ತು ಅಲ್ಲಿಯವರೆಗಿನ ಬಡ್ಡಿ ಮಾತ್ರ.