ಕಾಣದ ಅಂಕಿಯನ್ನು ತುಂಬಬೇಡ

ನೋಡಮ್ಮಾ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಫೋಟೋಗಳನ್ನು ಎಕ್ಸೆಲ್‌ಗೆ ಏರಿಸುವ ಕೆಲಸ ಹಿಡಿದಿದ್ದೀಯ. ಅದರ ಒಂದೊಂದು ಸಾಲೂ ಯಾರೋ ಕೊಡಬೇಕಾದ ದುಡ್ಡು. ಹಾಗಾಗಿ ಕಂಡದ್ದು ಒಂದು ಕಡೆ, ನಿನ್ನ ಊಹೆ ಇನ್ನೊಂದು ಕಡೆ ಇರಲಿ.

ಮೊದಲು ಕಾಲಂಗಳನ್ನು ಹಾಕಿಕೋ: ಫೋಟೋ ನಂಬರು, ಸಾಲಿನ ನಂಬರು, ತಾರೀಖು, ಹೆಸರು, ಸಾಮಾನು, ಉದ್ರಿ, ಜಮಾ, ಬಾಕಿ, ಕೊನೆಗೆ ಅನುಮಾನ. ತಾರೀಖಿನ ಕಾಲಂ ಅನ್ನು ಟೈಪ್ ಮಾಡುವ ಮೊದಲೇ `Text` ಮಾಡಿಬಿಡು. ಇಲ್ಲದಿದ್ದರೆ, ಪುಸ್ತಕದಲ್ಲಿ ವರ್ಷವಿಲ್ಲದೆ 3/8 ಎಂದಷ್ಟೇ ಇದ್ದರೂ ಎಕ್ಸೆಲ್ ತಾನೇ ಈ ವರ್ಷವನ್ನು ಸೇರಿಸುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಆಗಸ್ಟ್ 3 ಹೋಗಿ ಮಾರ್ಚ್ 8 ಆಗುತ್ತದೆ. ಕಾಟು ಹೊಡೆದ ಸಾಲನ್ನೂ ಬಿಡಬೇಡ. ಟೈಪ್ ಮಾಡಿ, ‘ಕಾಟು ಹೊಡೆದಿದೆ’ ಎಂದು ಅನುಮಾನದ ಕಾಲಂನಲ್ಲಿ ಬರೆ. ಅದರ ಮೊತ್ತವೂ ಅಲ್ಲೇ ಇರಲಿ, ಉದ್ರಿಯಲ್ಲಿ ಸೇರದಿರಲಿ.

ಓದಲಾಗದ ಮೊತ್ತವನ್ನು `175?` ಎಂದು ಉದ್ರಿ ಕಾಲಂನಲ್ಲಿ ಬರೆಯುವುದು ಹಲವರ ಅಭ್ಯಾಸ. ಎಕ್ಸೆಲ್ ಅದನ್ನು ಅಂಕಿಯೆಂದು ಎಣಿಸುವುದಿಲ್ಲ. `SUM` ಹಾಕಿದಾಗ ಏನನ್ನೂ ಹೇಳದೆ ಆ ಸಾಲನ್ನು ಬಿಟ್ಟು ಕೂಡುತ್ತದೆ. ಮೊತ್ತದ ಮನೆ ಖಾಲಿ ಬಿಡು. ‘115 ಅಥವಾ 175’ ಎಂದು ಅನುಮಾನದ ಕಾಲಂನಲ್ಲಿ ಬರೆ.

ಈಗ ಒಂದು ಪುಟ ಇಟ್ಟುಕೊಂಡು ನೋಡೋಣ. ಹಿಂದಿನ ಬಾಕಿ 640, ಅಕ್ಕಿ 350, ಎಣ್ಣೆ 115 ಅಥವಾ 175, ಸಕ್ಕರೆ 90, ಜಮಾ 500. ಕೆಳಗೆ ಬಾಕಿ 755. ಎಣ್ಣೆ ಬಿಟ್ಟು ಲೆಕ್ಕ ಹಾಕಿದರೆ 580 ಬರುತ್ತದೆ. 755ಕ್ಕೆ ಇನ್ನು ಬೇಕಾದದ್ದು 175. ಇಷ್ಟಾದ ಮೇಲೂ ಅದೇ ಪುಟದ ಸ್ಪಷ್ಟವಾದ ಸಾಲುಗಳಲ್ಲಿ ಅದೇ ಕೈ ಒಂದನ್ನೂ ಏಳನ್ನೂ ಹೇಗೆ ಬರೆದಿದೆ ಎಂದು ಹೋಲಿಸು. ಎರಡೂ ಕೂಡಿಬಂದರೆ ಅನುಮಾನದ ಕಾಲಂನಲ್ಲಿ ‘ಬಾಕಿಗೆ 175 ಹೊಂದುತ್ತದೆ’ ಎಂದು ಸೇರಿಸು. ಉದ್ರಿ ಮನೆಯನ್ನು ಮಾತ್ರ ಇನ್ನೂ ತುಂಬಬೇಡ. ಬಾಕಿ ಕೂಡುವಾಗ ಅಂಗಡಿಯವರೇ ತಪ್ಪಿರಬಹುದು; ಹಾಗಿದ್ದರೆ ನೀನು ಹೊಂದಿಸಿದ ಅಂಕಿ ಆ ತಪ್ಪನ್ನು ಮುಚ್ಚಿಹಾಕುತ್ತದೆ. ಒಂದೇ ಪುಟದಲ್ಲಿ ಎರಡು ಮೊತ್ತ ಮಸುಕಾಗಿದ್ದರಂತೂ ಬಾಕಿಯೊಂದನ್ನೇ ನಂಬಿ ಎರಡನ್ನೂ ತೀರ್ಮಾನಿಸಲು ಆಗುವುದಿಲ್ಲ.

ಸಾಲುಗಳೆಲ್ಲ ಸ್ಪಷ್ಟವಾಗಿದ್ದೂ ಬಾಕಿ ಹೊಂದದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಹೋದರೆ, ನೀನು ಟೈಪ್ ಮಾಡುವಾಗ 54 ಎಂಬುದು 45 ಆಗಿರಬಹುದು. ಫೋಟೋ ಜೊತೆ ಮತ್ತೆ ತಾಳೆ ನೋಡು. ಪುಸ್ತಕದಲ್ಲೇ ಹಾಗಿದ್ದರೆ ಇದ್ದಂತೆಯೇ ಉಳಿಸಿ, ವ್ಯತ್ಯಾಸವನ್ನು ಬರೆದಿಡು.

ಹೆಸರಿನಲ್ಲೂ ಇದೇ ನಿಯಮ. ‘ಮಂಜ’ ಎಂದಿದ್ದರೆ ‘ಮಂಜುನಾಥ’ ಎಂದು ಬೆಳೆಸಬೇಡ. ಆ ಬೀದಿಯಲ್ಲಿ ಮಂಜಪ್ಪನೂ ಮಂಜಮ್ಮನೂ ಇರಬಹುದು.

ಕೊನೆಗೆ ಅನುಮಾನದ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿ, ಫೋಟೋ ಸಮೇತ ಅಂಗಡಿಯವರ ಮುಂದೆ ಕೂರು. ‘ಇದು 175 ತಾನೇ?’ ಎಂದರೆ ಅವರು ‘ಹೂಂ’ ಎಂದುಬಿಡುತ್ತಾರೆ. ‘ಇಲ್ಲಿ ಎಷ್ಟು ಬರೆದಿದ್ದೀರಿ?’ ಎಂದು ಕೇಳು. ಅವರು ಹೇಳಿದ್ದನ್ನು ಉದ್ರಿ ಮನೆಗೆ ಹಾಕಿ, ‘ಅಂಗಡಿಯವರು ಹೇಳಿದ್ದು’ ಎಂದು ಪಕ್ಕದಲ್ಲಿ ಗುರುತು ಮಾಡು. ಅವರಿಗೂ ತಿಳಿಯದಿದ್ದರೆ ಆ ಮನೆ ಖಾಲಿಯೇ ಇರಲಿ. ಗಿರಾಕಿಯನ್ನು ಕೇಳಿ ಇತ್ಯರ್ಥ ಮಾಡಿಕೊಳ್ಳುವುದು ಅವರಿಗೆ ಬಿಟ್ಟದ್ದು.